ರಿಟೈನರ್ ಬಿಟ್ಟ ಕಥೆ: ಒಂದು ಪತ್ರ, ಮೂವತ್ತು ದಿನ, ಒಂದು ಕೊನೆಯ ಬಿಲ್

2025ರ ಅಕ್ಟೋಬರ್‌ನಲ್ಲಿ ನನ್ನ ಹಳೆಯ ಕ್ಲೈಂಟ್‌ನ ಕೊನೆಯ ಹಣ ಖಾತೆಗೆ ಬಂತು. ಪತ್ರ ಬರೆಯಬೇಕು ಎಂದು ನಿರ್ಧರಿಸಿದ ದಿನದಿಂದ ಲೆಕ್ಕ ಹಾಕಿದರೆ ಎರಡೂವರೆ ತಿಂಗಳು ಹಿಡಿಯಿತು. ಈ ನಡುವೆ ನನಗೆ ಗೊತ್ತಿಲ್ಲದ ಎಷ್ಟೋ ವಿಷಯ ಎದುರಾದವು. ನನ್ನ ಹಾಗೆ ಮನೆಯಲ್ಲೇ ಕೂತು ಡಿಸೈನ್ ಮಾಡುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿದ್ದೇನೆ. ಕ್ಲೈಂಟ್ ಬೆಂಗಳೂರಿನ ಒಂದು ಕುರುಕಲು ತಿಂಡಿ ಕಂಪನಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಅವಲಕ್ಕಿ ಮಿಕ್ಸ್‌ಚರ್, ಹೀಗೆ ಹದಿನಾಲ್ಕು ಬಗೆಯ ಪೊಟ್ಟಣ. 2023ರ ಸೆಪ್ಟೆಂಬರ್ 1ರಿಂದ ತಿಂಗಳಿಗೆ 35,000 ರೂಪಾಯಿ ರಿಟೈನರ್, ಅಂದರೆ ಗೊತ್ತಾದ ಕೆಲಸಕ್ಕೆ ಪ್ರತಿ ತಿಂಗಳೂ ಗೊತ್ತಾದ ಹಣ. ತಿಂಗಳಿಗೆ ಸುಮಾರು 40 ಗಂಟೆ ಕೆಲಸ, ಹನ್ನೆರಡು ಪೋಸ್ಟರ್, ಎರಡು ಲೇಬಲ್ ಎಂದು ಎರಡು ಪುಟದ ಒಪ್ಪಂದದಲ್ಲಿ ಬರೆದಿತ್ತು. ಮೊದಲ ವರ್ಷ ಹಾಗೇ ನಡೆಯಿತು. ಆಮೇಲೆ ಅಂಗಡಿಯ ಬೋರ್ಡು, ಮೇಳದ ಸ್ಟಾಲು, ಅವರ ನೆಂಟರ ಮದುವೆಯ ಆಮಂತ್ರಣ ಎಲ್ಲವೂ ಸೇರಿಕೊಂಡವು. ನಾನು ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಜುಲೈಯಲ್ಲಿ ಕೂಡಿಸಿ ನೋಡಿದರೆ 70 ಗಂಟೆ. ಗಂಟೆಗೆ 875 ರೂಪಾಯಿ ಇದ್ದದ್ದು 500ಕ್ಕೆ ಇಳಿದಿತ್ತು. ಏಪ್ರಿಲ್‌ನಲ್ಲಿ ಒಮ್ಮೆ ಹೆಚ್ಚಿಸಲು ಕೇಳಿದ್ದೆ. "ಮುಂದಿನ ವರ್ಷ ನೋಡೋಣ" ಎಂದಿದ್ದರು. ಅಲ್ಲಿಗೆ ಬಿಡುವುದೇ ಸರಿ ಅನ್ನಿಸಿತು.

ಆದರೆ ಮಾಲೀಕರು ಒಳ್ಳೆಯ ಮನುಷ್ಯ. ಹಬ್ಬಕ್ಕೆ ಮನೆಗೆ ತಿಂಡಿ ಕಳಿಸುತ್ತಿದ್ದರು. ಅಮ್ಮನಿಗೆ ಆಪರೇಷನ್ ಆದಾಗ ಒಂದು ವಾರ ಫೋನೇ ಮಾಡದೆ ಸುಮ್ಮನಿದ್ದರು. ಅಂಥವರಿಗೆ ಪತ್ರ ಬರೆಯುವುದು ತುಂಬಾ ಕಷ್ಟ. ಮೊದಲು ಬರೆದ ಕರಡು ಎರಡು ಪುಟ ಆಯಿತು. ಅದರಲ್ಲಿ ಮದುವೆ ಆಮಂತ್ರಣವೂ ಇತ್ತು, ಭಾನುವಾರ ರಾತ್ರಿಯ ಫೋನುಗಳೂ ಇದ್ದವು. ನಮ್ಮ ಭಾವ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ತೋರಿಸಿದೆ.

"ಇದು ನೋಟಿಸ್ ಅಲ್ಲಮ್ಮ, ಜಗಳ" ಎಂದರು. "ಯಾವತ್ತು ಕೊನೆ, ಅಲ್ಲಿತನಕ ಏನು ಮಾಡ್ತೀಯ, ಎಷ್ಟು ದುಡ್ಡು, ಫೈಲು ಯಾವಾಗ. ಈ ನಾಲ್ಕು ಬರಿ, ಸಾಕು. ಕಾರಣ ಅವರು ಕೇಳಿದರೆ ಬಾಯಲ್ಲಿ ಹೇಳು."

ನಾನು ಅವತ್ತೇ ಎರಡು ಪುಟವನ್ನೂ ಅಳಿಸಿದೆ. ಅದೊಂದು ಒಳ್ಳೆಯ ಕೆಲಸ ಮಾಡಿದೆ ಅಂತ ಈಗಲೂ ಅನ್ನಿಸುತ್ತದೆ. ಯಾಕೆಂದರೆ ಆ ಪತ್ರವನ್ನು ಮುಂದೆ ಮಾಲೀಕರಷ್ಟೇ ಅಲ್ಲ, ಅವರ ಅಕೌಂಟ್ಸ್‌ನವರು, ಮ್ಯಾನೇಜರ್, ಎಲ್ಲರೂ ಓದಿದರು.

ಪತ್ರಕ್ಕೆ ಮುಂಚೆ ಫೋನ್ ಮಾಡಿದೆ. ಆಗಸ್ಟ್ 4, ಸೋಮವಾರ. "ಏನಮ್ಮಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದರು. ನನ್ನ ಗಂಟಲು ಕಟ್ಟಿತು. "ತಪ್ಪಲ್ಲ ಸರ್, ನಿಮ್ಮ ಕೆಲಸ ದೊಡ್ಡದಾಗಿದೆ, ಒಬ್ಬಳ ಕೈಲಿ ಆಗ್ತಿಲ್ಲ" ಎಂದೆ. ಅದು ನಿಜವೂ ಹೌದು. ಅದೇ ಸಂಜೆ ಮೇಲ್ ಕಳಿಸಿದೆ.

ಇಲ್ಲಿ ಮೊದಲ ಎಡವಟ್ಟು. ನೋಟಿಸ್ ಅನ್ನು ಇಂಥ ಮೇಲ್ ವಿಳಾಸಕ್ಕೆ ಕಳಿಸಬೇಕು ಎಂದು ನಮ್ಮ ಒಪ್ಪಂದದಲ್ಲಿತ್ತು. ನಾನು ಅಲ್ಲಿಗೇ ಕಳಿಸಿದೆ. ಅದು 2023ರಲ್ಲಿದ್ದ ಮ್ಯಾನೇಜರ್ ವಿಳಾಸ. ಅವರು ಕೆಲಸ ಬಿಟ್ಟು ವರ್ಷವಾಗಿತ್ತು. ಮೇಲ್ ವಾಪಸ್ ಬರಲಿಲ್ಲ, ಹಾಗಾಗಿ ತಲುಪಿದೆ ಅಂದುಕೊಂಡೆ. ವರಮಹಾಲಕ್ಷ್ಮಿ ಹಬ್ಬ ಕಳೆದ ಮೇಲೆ ಮಾಲೀಕರಿಗೆ ಫೋನ್ ಮಾಡಿದಾಗ "ಪತ್ರ ಇನ್ನೂ ಬಂದಿಲ್ವಲ್ಲಮ್ಮ" ಎಂದರು. ಒಪ್ಪಂದದ ಮಾತು ಹಿಡಿದು 4ನೇ ತಾರೀಖಿನಿಂದಲೇ ಲೆಕ್ಕ ಎಂದು ವಾದಿಸಬಹುದಿತ್ತೇನೋ. ನನಗೆ ಬೇಡ ಅನ್ನಿಸಿತು. 11ಕ್ಕೆ ಮತ್ತೆ ಕಳಿಸಿದೆ. ಈ ಸಲ ಹಳೆಯ ವಿಳಾಸ, ಮಾಲೀಕರ ಸ್ವಂತ ವಿಳಾಸ, ಅಕೌಂಟ್ಸ್ ವಿಳಾಸ ಮೂರಕ್ಕೂ ಹೋಯಿತು. ಅದೇ ಪತ್ರದ ಪಿಡಿಎಫ್ ವಾಟ್ಸಾಪ್‌ಗೂ ಹಾಕಿ, "ತಲುಪಿತು ಅಂತ ಮೇಲ್‌ನಲ್ಲಿ ಒಂದು ಸಾಲು ಬರೆಯಿರಿ ಸರ್" ಎಂದು ಕೇಳಿಕೊಂಡೆ. ಬರೆದರು. ಒಂದು ವಾರ ಹೋಯಿತು, ಆದರೆ ಆ ಒಂದು ಸಾಲು ಕೊನೆಯವರೆಗೂ ಕೆಲಸಕ್ಕೆ ಬಂತು.

ನಮ್ಮ ವ್ಯವಹಾರವೆಲ್ಲ ಕನ್ನಡದಲ್ಲೇ ಇದ್ದದ್ದರಿಂದ ಪತ್ರವೂ ಕನ್ನಡದಲ್ಲೇ. ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಬೇಕಾದವರು ತಮಗೆ ಹೊಂದಿಸಿಕೊಳ್ಳಬಹುದು.

ದಿನಾಂಕ: 11 ಆಗಸ್ಟ್ 2025
ವಿಷಯ: ಮಾಸಿಕ ಡಿಸೈನ್ ರಿಟೈನರ್ ಮುಗಿಸಲು 30 ದಿನಗಳ ನೋಟಿಸ್ ಮತ್ತು ಕೊನೆಯ ಬಿಲ್

ಮಾನ್ಯರೇ,

2023ರ ಸೆಪ್ಟೆಂಬರ್ 1ರ ನಮ್ಮ ಒಪ್ಪಂದದ ಪ್ರಕಾರ, ಮಾಸಿಕ ರಿಟೈನರ್ ಮುಗಿಸಲು ಈ ಪತ್ರದ ಮೂಲಕ 30 ದಿನಗಳ ನೋಟಿಸ್ ಕೊಡುತ್ತಿದ್ದೇನೆ. ನೋಟಿಸ್ ಅವಧಿ ಆಗಸ್ಟ್ 12ರಿಂದ ಶುರುವಾಗುತ್ತದೆ. ನನ್ನ ಕೆಲಸದ ಕೊನೆಯ ದಿನ 2025ರ ಸೆಪ್ಟೆಂಬರ್ 10, ಬುಧವಾರ.

ಈ ಅವಧಿಯಲ್ಲಿ ಗೌರಿ ಗಣೇಶ ಹಬ್ಬದ ಪೋಸ್ಟರ್‌ಗಳು ಮತ್ತು ದೀಪಾವಳಿ ಉಡುಗೊರೆ ಪೆಟ್ಟಿಗೆಯ ಮೂರು ಡಿಸೈನ್‌ಗಳನ್ನು ಮುಗಿಸಿಕೊಡುತ್ತೇನೆ. ಪೆಟ್ಟಿಗೆಯ ಮೊದಲ ಕರಡು ಆಗಸ್ಟ್ 22ಕ್ಕೆ ನಿಮ್ಮ ಕೈಸೇರುತ್ತದೆ. ಎರಡು ಸುತ್ತಿನ ತಿದ್ದುಪಡಿ ಸೇರಿದೆ. ಕೊನೆಯ ಒಪ್ಪಿಗೆ ಸೆಪ್ಟೆಂಬರ್ 5ರೊಳಗೆ ಬೇಕು. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಮೊದಲೇ ಮೇಲ್‌ನಲ್ಲಿ ದರ ಒಪ್ಪಿಕೊಂಡು ಮಾಡುತ್ತೇನೆ.

ಬರಬೇಕಾದ ಹಣ: ಜುಲೈ ಬಿಲ್ 35,000 ರೂ.; ಆಗಸ್ಟ್ ಬಿಲ್ 35,000 ರೂ.; ಸೆಪ್ಟೆಂಬರ್‌ನ 10 ದಿನಕ್ಕೆ, 35,000ವನ್ನು 30ರಿಂದ ಭಾಗಿಸಿದ ಲೆಕ್ಕದಲ್ಲಿ, 11,667 ರೂ. ಪ್ರೂಫ್ ಪ್ರಿಂಟ್ ತೆಗೆಸಿದರೆ ಅದರ ಖರ್ಚು ರಸೀದಿ ಸಮೇತ ಸೇರುತ್ತದೆ. ಕೊನೆಯ ಬಿಲ್ ಸೆಪ್ಟೆಂಬರ್ 10ರಂದು ಕಳಿಸುತ್ತೇನೆ. ಒಪ್ಪಂದದ ಪ್ರಕಾರ 15 ದಿನದೊಳಗೆ, ಅಂದರೆ ಸೆಪ್ಟೆಂಬರ್ 25ರೊಳಗೆ, ಪಾವತಿಸಬೇಕಾಗಿ ವಿನಂತಿ.

ಎಲ್ಲ ಪೊಟ್ಟಣಗಳ ಅಚ್ಚಿಗೆ ಸಿದ್ಧವಾದ ಪಿಡಿಎಫ್‌ಗಳನ್ನು ಸೆಪ್ಟೆಂಬರ್ 10ರಂದೇ ಕೊಡುತ್ತೇನೆ. ಮೂಲ ಫೈಲ್‌ಗಳು ಮತ್ತು ಹಕ್ಕು ವರ್ಗಾವಣೆಯ ಪತ್ರವನ್ನು ಪೂರ್ತಿ ಹಣ ಬಂದ ಎರಡು ದಿನದೊಳಗೆ ಕಳಿಸುತ್ತೇನೆ.

ಎರಡು ವರ್ಷ ನನ್ನ ಮೇಲೆ ಇಟ್ಟ ನಂಬಿಕೆಗೆ ಧನ್ಯವಾದ.

ಇಷ್ಟೇ ಪತ್ರ. ಇದರಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು. ಒಂದು, ಪತ್ರ ಕೊಟ್ಟ ದಿನವನ್ನು ಎಣಿಸದೆ ಮರುದಿನದಿಂದ ಎಣಿಸಿದ್ದೇನೆ. ಆಗಸ್ಟ್ 12ರಿಂದ 31ರವರೆಗೆ 20 ದಿನ, ಸೆಪ್ಟೆಂಬರ್‌ನಲ್ಲಿ 10. ಸುಮ್ನೆ "ಒಂದು ತಿಂಗಳ ನೋಟಿಸ್" ಎಂದು ಬರೆದು ತಾರೀಖು ಹಾಕದಿದ್ದರೆ, ಅವರು ತಿಂಗಳ ಕೊನೆ ಅಂದುಕೊಳ್ಳುತ್ತಾರೆ, ನೀವು ಹತ್ತನೇ ತಾರೀಖು ಅಂದುಕೊಳ್ಳುತ್ತೀರಿ. ಎರಡನೆಯದು, ಅರ್ಧ ತಿಂಗಳ ಲೆಕ್ಕ. ನಮ್ಮ ಒಪ್ಪಂದದಲ್ಲಿ ಆ ವಿಷಯವೇ ಇರಲಿಲ್ಲ. ಕೆಲವರು ಕೆಲಸದ ದಿನಗಳಿಂದ ಭಾಗಿಸುತ್ತಾರೆ, ಕೆಲವರು ಕ್ಯಾಲೆಂಡರ್ ದಿನಗಳಿಂದ. ಯಾವುದಾದರೂ ಸರಿ, ಪತ್ರದಲ್ಲೇ ಲೆಕ್ಕ ಬಿಡಿಸಿ ತೋರಿಸಿದರೆ ಆಮೇಲೆ ಯಾರೂ ಕೇಳುವುದಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ.

ಗಣೇಶ ಹಬ್ಬ ಚೆನ್ನಾಗಿಯೇ ಕಳೆಯಿತು. ಪೆಟ್ಟಿಗೆಯ ಡಿಸೈನ್‌ಗೆ ಮಾತ್ರ ಒಪ್ಪಿಗೆ ಬರಲಿಲ್ಲ. ದಿನಾ ನೆನಪಿಸಿದೆ. ಅಷ್ಟರಲ್ಲಿ ನಾನು ಊಹಿಸದ ಒಂದು ವಿಷಯ ನಡೆಯಿತು. ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಹೊರಬಿತ್ತು. ಪೊಟ್ಟಣದ ಕುರುಕಲು ತಿಂಡಿಗಳ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು, ಜಾರಿ ಸೆಪ್ಟೆಂಬರ್ 22ರಿಂದ. ಮರುದಿನ ಬೆಳಿಗ್ಗೆ ಏಳಕ್ಕೇ ಮಾಲೀಕರ ಫೋನ್. "ಎಲ್ಲ ಪೊಟ್ಟಣದ ಎಂ.ಆರ್.ಪಿ. ಬದಲಾಗ್ಬೇಕಮ್ಮ, ನೀನು ಹೋಗೋ ಮುಂಚೆ ಮಾಡ್ಕೊಡು."

ಅವರ ಪೊಟ್ಟಣಗಳಲ್ಲಿ ಬೆಲೆ ಲೇಬಲ್‌ನಲ್ಲೇ ಅಚ್ಚಾಗುತ್ತದೆ, ಮೇಲೆ ಮೊಹರು ಹಾಕುವ ಪದ್ಧತಿ ಇಲ್ಲ. ಹಾಗಾಗಿ ಹದಿನಾಲ್ಕು ಲೇಬಲ್‌ಗೂ ಕೈ ಹಾಕಬೇಕು. ಉಳಿದಿದ್ದದ್ದು ಆರು ದಿನ. ಹಳೆಯ ನಾನಾಗಿದ್ದರೆ "ಆಯ್ತು ಸರ್" ಎಂದು ಶುರು ಮಾಡುತ್ತಿದ್ದೆ. ಈ ಸಲ ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಮೊದಲೇ ದರ ಎಂಬ ಪತ್ರದ ವಾಕ್ಯ ನೆರವಿಗೆ ಬಂತು. ಲೇಬಲ್‌ಗೆ 600 ರೂಪಾಯಿಯಂತೆ 8,400 ಎಂದು ಮೇಲ್ ಹಾಕಿದೆ. ಅರ್ಧ ಗಂಟೆಯಲ್ಲಿ "ಓಕೆ" ಎಂದು ಉತ್ತರ ಬಂತು. ಜೊತೆಗೆ ಪೆಟ್ಟಿಗೆಯ ಒಪ್ಪಿಗೆಯನ್ನೂ ಕೇಳಿದೆ. ಅದೂ 5ರ ಸಂಜೆ ಬಂತು.

ಲೇಬಲ್ ತೆರೆದಾಗ ಇನ್ನೊಂದು ತಲೆನೋವು. ಹದಿನಾಲ್ಕರಲ್ಲಿ ಆರು ನನಗಿಂತ ಮುಂಚಿನ ಡಿಸೈನರ್ ಮಾಡಿದ್ದು. ಅವುಗಳ ಕನ್ನಡ ಅಕ್ಷರವೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲ. ನನ್ನ ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಹಾಕಿರಲಿಲ್ಲ. "ಕನ್ನಡ" ಎಂದು ಇರಬೇಕಾದ ಕಡೆ PÀ£ÀßqÀ ಎಂದು ಕಾಣಿಸಿತು. ಫಾಂಟ್ ಹಾಕಿದ ಮೇಲೆ ಸರಿಹೋಯಿತು. ಆದರೆ ಆಗ ಹೊಳೆಯಿತು, ನಾಳೆ ನನ್ನ ಫೈಲ್ ತೆರೆಯುವ ಹೊಸ ಡಿಸೈನರ್‌ಗೂ ಇದೇ ಗತಿ. ಪ್ರೆಸ್‌ನವರು ನೋಡದೆ ಅಚ್ಚು ಹಾಕಿಬಿಟ್ಟರೆ ಸಾವಿರಾರು ಪೊಟ್ಟಣ ಕಸಕ್ಕೆ. ಅದಕ್ಕೇ ಪ್ರತಿ ಲೇಬಲ್‌ಗೆ ಎರಡು ಫೈಲ್ ಮಾಡಿದೆ. ಒಂದರಲ್ಲಿ ಅಕ್ಷರವನ್ನೆಲ್ಲ ಔಟ್‌ಲೈನ್ ಮಾಡಿದ್ದು, ಅಂದರೆ ಅಕ್ಷರ ಚಿತ್ರವಾಗಿಬಿಡುತ್ತದೆ, ಫಾಂಟ್ ಬೇಕಾಗುವುದಿಲ್ಲ. ಇನ್ನೊಂದು ತಿದ್ದಲು ಬರುವಂಥದ್ದು. ಜೊತೆಗೆ ಯಾವ ಲೇಬಲ್‌ನಲ್ಲಿ ಯಾವ ಫಾಂಟ್ ಇದೆ ಎಂಬ ಒಂದು ಪಟ್ಟಿ. ನಾನು ದುಡ್ಡು ಕೊಟ್ಟು ಕೊಂಡ ಒಂದು ಫಾಂಟ್‌ನ ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ಅದನ್ನು ಕೊಡಲು ಬರುವುದಿಲ್ಲ, ನೀವೇ ಕೊಳ್ಳಬೇಕು ಎಂದೂ ಅದರಲ್ಲಿ ಬರೆದೆ. ಈ ಕೆಲಸಕ್ಕೇ ಎರಡು ರಾತ್ರಿ ಹೋಯಿತು. ನೋಟಿಸ್ ಕೊಡುವ ಮುಂಚೆಯೇ ಒಮ್ಮೆ ಹಳೆಯ ಫೈಲ್‌ಗಳನ್ನೆಲ್ಲ ತೆರೆದು ನೋಡಿಬಿಡಿ. ಅದಕ್ಕೆ ಹಿಡಿಯುವ ಸಮಯವನ್ನು ಮೂವತ್ತು ದಿನದೊಳಗೆ ಎಣಿಸಿಕೊಳ್ಳಿ.

ಸೆಪ್ಟೆಂಬರ್ 9ರಂದು ಜುಲೈ ಮತ್ತು ಆಗಸ್ಟ್ ಹಣ ಒಟ್ಟಿಗೆ ಬಂತು. 70,000ದಲ್ಲಿ ಶೇಕಡಾ 10 ಟಿಡಿಎಸ್, ಅಂದರೆ ಹಣ ಕೊಡುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಕಳೆದು 63,000. ಮರುದಿನ ಸಂಜೆ ಪಿಡಿಎಫ್‌ಗಳ ಫೋಲ್ಡರ್, ಫಾಂಟ್ ಪಟ್ಟಿ, ಕೊನೆಯ ಬಿಲ್ ಮೂರನ್ನೂ ಕಳಿಸಿದೆ. ಅವರ ಇನ್‌ಸ್ಟಾಗ್ರಾಮ್ ಖಾತೆಯಿಂದ ನಾನೇ ಹೊರಬಂದೆ. ರಾತ್ರಿ ಏನೋ ಕಳೆದುಕೊಂಡ ಹಾಗೆ ಅನ್ನಿಸಿ ನಿದ್ದೆ ಬರಲಿಲ್ಲ. ಆ ಚಕ್ಕುಲಿ ಪೊಟ್ಟಣದ ಹಳದಿ ಬಣ್ಣ ಆರಿಸಲು ನಾವು ಮೂರು ವಾರ ಒದ್ದಾಡಿದ್ದೆವು.

ಬಿಲ್‌ನಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಸೆಪ್ಟೆಂಬರ್‌ನ 11,667, ಲೇಬಲ್‌ನ 8,400, ಪ್ರೂಫ್ ಪ್ರಿಂಟ್‌ಗೆ ನನ್ನ ಕೈಯಿಂದ ಕೊಟ್ಟಿದ್ದ 1,850, ಎಲ್ಲ ಸೇರಿಸಿ 21,917ಕ್ಕೆ ಒಂದೇ ಬಿಲ್. ಅಕೌಂಟ್ಸ್‌ಗೆ ಹೊಸದಾಗಿ ಸೇರಿದ ಹುಡುಗ ಎರಡು ದಿನ ಬಿಟ್ಟು ಫೋನ್ ಮಾಡಿದ. ಮೊದಲು, ನಿಮ್ಮ ಜಿಎಸ್‌ಟಿ ನಂಬರ್ ಇಲ್ಲ ಎಂದ. ನನ್ನ ವರ್ಷದ ವಹಿವಾಟು 20 ಲಕ್ಷದ ಒಳಗಿದೆ, ನೋಂದಣಿ ಬೇಕಿಲ್ಲ, ಅದಕ್ಕೇ ಬಿಲ್‌ನಲ್ಲಿ ಜಿಎಸ್‌ಟಿ ಹಾಕಿಲ್ಲ ಎಂದು ವಿವರಿಸಿದೆ. ಆಮೇಲೆ, ಪೂರ್ತಿ ಮೊತ್ತಕ್ಕೂ ಟಿಡಿಎಸ್ ಹಿಡಿಯುತ್ತೇನೆ ಎಂದ. ಪ್ರೆಸ್‌ಗೆ ಕೊಟ್ಟ ದುಡ್ಡು ನನ್ನ ಆದಾಯ ಅಲ್ಲವಲ್ಲ! ಭಾವನನ್ನು ಕೇಳಿದೆ.

"ಒಂದೇ ಬಿಲ್‌ನಲ್ಲಿ ಸೇರಿಸಿದ್ರೆ ಅವನು ಹಿಡಿಯೋದೇ. ಖರ್ಚಿಗೆ ಬೇರೆ ಬಿಲ್ ಮಾಡು, ಪ್ರೆಸ್ ರಸೀದಿ ಲಗತ್ತಿಸು. ರಸೀದಿ ಅವರ ಕಂಪನಿ ಹೆಸರಲ್ಲಿ ಇದ್ರೆ ಇನ್ನೂ ಒಳ್ಳೇದು" ಎಂದರು.

ಹಾಗೇ ಮಾಡಿದೆ. ಹಳೆಯ ಬಿಲ್ ರದ್ದಾಗಿದೆ ಎಂದು ಬರೆದು ಎರಡು ಹೊಸ ಬಿಲ್ ಕಳಿಸಿದೆ. ಫೀಸಿನ ಬಿಲ್ 20,067. ಅದರಲ್ಲಿ ಟಿಡಿಎಸ್ 2,007 ಕಳೆದು ಕೈಗೆ 18,060. ಖರ್ಚಿನ ಬಿಲ್ 1,850, ಕಡಿತ ಇಲ್ಲ. ಒಟ್ಟು 19,910. ವ್ಯತ್ಯಾಸ ನೂರೆಂಬತ್ತೈದೇ ರೂಪಾಯಿ, ಆದರೆ ಪ್ರೆಸ್ ಖರ್ಚು ಜಾಸ್ತಿ ಇರುವವರಿಗೆ ಇದು ದೊಡ್ಡ ಮೊತ್ತವೇ ಆಗುತ್ತದೆ. ಇಷ್ಟಕ್ಕೇ ಒಂದು ವಾರ ಹೋಯಿತು.

ಅದೇ ವಾರ ನನ್ನ ಮನಸ್ಸಿಗೆ ನೋವಾದ ಘಟನೆ ನಡೆಯಿತು. ದೀಪಾವಳಿ ಪೆಟ್ಟಿಗೆ ಪ್ರೆಸ್‌ಗೆ ಹೋಗಿತ್ತು. ಪ್ರೆಸ್‌ನ ಡಿಸೈನರ್ ಪೆಟ್ಟಿಗೆಯ ಮಡಿಕೆ ಹತ್ತಿರ ಏನೋ ಸರಿಸಬೇಕು, ಮೂಲ ಫೈಲ್ ಬೇಕು ಎಂದನಂತೆ. ಮಾಲೀಕರು ಫೋನ್ ಮಾಡಿ ಕೇಳಿದರು. ಹಣ ಬಂದ ಮೇಲೆ ಕೊಡುತ್ತೇನೆ ಸರ್, ಪತ್ರದಲ್ಲಿದೆ ಎಂದೆ. "ಎರಡು ವರ್ಷದ ನಂಬಿಕೆ ಇಷ್ಟೇನಾ ಅಮ್ಮ?" ಎಂದರು. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ. ಕೊಟ್ಟುಬಿಡೋಣ ಅನ್ನಿಸಿತು. ಆದರೆ ಅವರ ಕೆಲಸ ನಿಲ್ಲಬಾರದು, ನನ್ನ ಕೈಯೂ ಖಾಲಿಯಾಗಬಾರದು, ಎರಡಕ್ಕೂ ದಾರಿ ಇತ್ತು. ಪ್ರೆಸ್‌ನವನಿಗೆ ನೇರ ಫೋನ್ ಮಾಡಿ ಏನು ಬೇಕೆಂದು ಕೇಳಿದೆ. ಮಡಿಕೆಯಿಂದ ಮೂರು ಮಿಲಿಮೀಟರ್ ದೂರ ಬಿಡಬೇಕಿತ್ತು, ನಾನೇ ಬಿಟ್ಟಿರಲಿಲ್ಲ. ನನ್ನ ತಪ್ಪಾದ್ದರಿಂದ ದುಡ್ಡು ಕೇಳದೆ ಅವತ್ತೇ ಸರಿಮಾಡಿ ಹೊಸ ಪಿಡಿಎಫ್ ಕಳಿಸಿದೆ. ಮಾಲೀಕರಿಗೂ ಹಾಗೆಂದೇ ತಿಳಿಸಿದೆ. ಮತ್ತೆ ಮೂಲ ಫೈಲ್ ಮಾತು ಬರಲಿಲ್ಲ.

ಹಕ್ಕಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಂಥ ಫ್ರೀಲಾನ್ಸರ್ ಮಾಡಿದ ಡಿಸೈನ್‌ನ ಕಾಪಿರೈಟ್ ಸಾಮಾನ್ಯವಾಗಿ ಮೊದಲು ನಮ್ಮದೇ. ಸಂಬಳದ ನೌಕರರ ಹಾಗೆ ತಾನಾಗಿ ಕಂಪನಿಗೆ ಹೋಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಲೆಕ್ಕ. ಅವರು ದುಬೈಗೂ ತಿಂಡಿ ಕಳಿಸುತ್ತಾರೆ. ಹಾಗಾಗಿ ಹದಿನಾಲ್ಕು ಲೇಬಲ್, ಮೂರು ಪೆಟ್ಟಿಗೆಗಳ ಪಟ್ಟಿ ಹಾಕಿ, ಆರು ಹಳೆಯ ಲೇಬಲ್‌ಗಳಲ್ಲಿ ನಾನು ಮಾಡಿದ ಬದಲಾವಣೆ ಮಾತ್ರ ನನ್ನದು ಎಂದು ಬರೆದು, ಶಾಶ್ವತವಾಗಿ, ಎಲ್ಲ ದೇಶಗಳಿಗೆ ಎಂದು ಸೇರಿಸಿ ಒಂದು ಪುಟ ಸಿದ್ಧಮಾಡಿಟ್ಟೆ.

ಸೆಪ್ಟೆಂಬರ್ 25 ಬಂತು, ಹಣ ಬರಲಿಲ್ಲ. ದಸರಾ ಶುರುವಾಗಿತ್ತು. ಊರೆಲ್ಲ ದೀಪ, ನಾನು ದಿನಕ್ಕೆ ನಾಲ್ಕು ಸಲ ಬ್ಯಾಂಕ್ ಆ್ಯಪ್ ನೋಡುತ್ತಿದ್ದೆ. ಹಬ್ಬದಲ್ಲಿ ಕೇಳುವುದು ಬೇಡ ಎಂದು ವಿಜಯದಶಮಿ ಮುಗಿಯುವ ತನಕ ಸುಮ್ಮನಿದ್ದೆ. ಅಕ್ಟೋಬರ್ 6ರಂದು ಅಕೌಂಟ್ಸ್‌ಗೆ ಒಂದು ಮೇಲ್ ಬರೆದೆ. ಮಾಲೀಕರನ್ನೂ ಸೇರಿಸಿದೆ. ಬಿಲ್ ನಂಬರ್, ತಾರೀಖು, ಗಡುವು, ಮೊತ್ತ, ಕೊನೆಗೆ ಒಂದು ಸಾಲು: ನನ್ನದು ಉದ್ಯಮ್ ನೋಂದಣಿ ಇರುವ ಕಿರು ಘಟಕ, ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಿದ ಗಡುವಿನೊಳಗೆ ಪಾವತಿ ಆಗಬೇಕು, ಆ ಗಡುವು ಹೇಗೂ 45 ದಿನ ಮೀರುವಂತಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಇದೆ ಎಂಬುದನ್ನು ನಾನು ಬರೆಯಲಿಲ್ಲ. ಅದು ಅಕೌಂಟ್ಸ್‌ನವರಿಗೆ ಗೊತ್ತೇ ಇರುತ್ತದೆ ಎಂದರು ಭಾವ. ಕಿರು, ಸಣ್ಣ ಘಟಕಗಳಿಗೆ ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಆ ಖರ್ಚನ್ನು ಕಂಪನಿ ತನ್ನ ಆ ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸಲು ತೊಂದರೆಯಾಗುತ್ತದೆ, ಅದಕ್ಕೇ ಈ ಸಾಲನ್ನು ಅವರು ಗಮನಿಸುತ್ತಾರಂತೆ. ಉದ್ಯಮ್ ನೋಂದಣಿಗೆ ಸರ್ಕಾರದ ಜಾಲತಾಣದಲ್ಲಿ ಶುಲ್ಕ ಇಲ್ಲ. ಕೆಲಸ ಶುರುಮಾಡುವ ಮುಂಚೆಯೇ ಮಾಡಿಸಿಕೊಂಡಿರುವುದು ಒಳ್ಳೆಯದು, ಜಗಳ ಬಂದ ಮೇಲೆ ಮಾಡಿಸಿದರೆ ಹಳೆಯ ಬಿಲ್‌ಗೆ ಅದರ ಬಲ ಸಿಗುತ್ತದೆ ಎಂದು ನಂಬಿ ಕೂರಲಾಗದು.

ಅಕ್ಟೋಬರ್ 14, ಮಂಗಳವಾರ ಮಧ್ಯಾಹ್ನ 19,910 ರೂಪಾಯಿ ಬಂತು. ಅದೇ ಸಂಜೆ ಮೂಲ ಫೈಲ್‌ಗಳನ್ನು ಕಳಿಸಿ, ಸಹಿ ಹಾಕಿದ ಹಕ್ಕು ಪತ್ರವನ್ನು ಸ್ಪೀಡ್ ಪೋಸ್ಟ್ ಮಾಡಿದೆ. ದೀಪಾವಳಿಗೆ ಎರಡು ದಿನ ಮುಂಚೆ ಮನೆಗೆ ಒಂದು ಪಾರ್ಸೆಲ್ ಬಂತು. ನಾನೇ ಮಾಡಿದ ಪೆಟ್ಟಿಗೆ, ಒಳಗೆ ಕೋಡುಬಳೆ. ಅಮ್ಮ ಮಡಿಕೆಯ ಹತ್ತಿರ ಬೆರಳಾಡಿಸಿ "ಚೆನ್ನಾಗಿ ಬಂದಿದೆ ಕಣೇ" ಎಂದಳು.

ಉಳಿದಿರುವುದು ಟಿಡಿಎಸ್ ಮಾತ್ರ. ಜುಲೈ, ಆಗಸ್ಟ್ ಬಿಲ್‌ಗಳ 7,000 ರೂಪಾಯಿ ಸೆಪ್ಟೆಂಬರ್‌ನಲ್ಲೇ ಕಡಿತವಾಗಿದ್ದರಿಂದ ಅದರ ಪ್ರಮಾಣಪತ್ರ ಫಾರ್ಮ್ 16ಎ ನವೆಂಬರ್‌ನಲ್ಲಿ ಕೈಸೇರಿತು, ನನ್ನ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್‌ನಲ್ಲೂ ಕಾಣಿಸುತ್ತಿದೆ. ಕೊನೆಯ ಬಿಲ್‌ನ 2,007 ಕಡಿತವಾದದ್ದು ಅಕ್ಟೋಬರ್‌ನಲ್ಲಿ, ಅಂದರೆ ಮುಂದಿನ ತ್ರೈಮಾಸಿಕ. ಅದರ 16ಎ ಬರುವುದು ಫೆಬ್ರವರಿ ಮಧ್ಯಕ್ಕೆ. ಅಕೌಂಟ್ಸ್ ಹುಡುಗನ ನಂಬರ್ ಜೊತೆ ಫೆಬ್ರವರಿ 16ಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ.